ವೆಬ್‌ಸೈಟ್‌ಗೆ ಹತ್ತು ವಾರ, ಕೊನೆಯ ಕಂತಿಗೆ ಎಷ್ಟು?

ಚಳ್ಳಕೆರೆಯ ಮಧ್ಯಮ ಗಾತ್ರದ ಎಣ್ಣೆ ಮಿಲ್ಲೊಂದಕ್ಕೆ ಕನ್ನಡ, ಇಂಗ್ಲಿಷ್ ಎರಡರಲ್ಲೂ 25 ಪುಟಗಳ ವೆಬ್‌ಸೈಟ್ ಬೇಕು ಅಂದುಕೊಳ್ಳಿ. ಸಿದ್ದಾಪುರದಲ್ಲಿ ಕೂತ ಮೂವರು ಫ್ರೀಲಾನ್ಸರ್‌ಗಳು ದರ ಹೇಳಬೇಕು. ಇಂಥಲ್ಲಿ ನಾನು ಪುಟ ಎಣಿಸಲ್ಲ, ದಿನ ಎಣಿಸುತ್ತೇನೆ.

ವಿನ್ಯಾಸಕ್ಕೆ 12, ಕೋಡಿಂಗ್‌ಗೆ 20, ಬರಹಕ್ಕೆ 10, ಪರೀಕ್ಷೆಗೆ 6. ಒಟ್ಟು 48 ಆಳುದಿನ. ದಿನಕ್ಕೆ 3,000 ರೂಪಾಯಿ ಹಿಡಿದರೆ 1,44,000. ತಿದ್ದುಪಡಿಗಳಿಗೆಂದು ಶೇ 20 ಸೇರಿಸಿದರೆ 1,72,800.

ಮೂವರಿದ್ದರೆ 16 ದಿನ ಸಾಕಲ್ಲವಾ? ಸಾಲದು. ವಿನ್ಯಾಸ ಒಪ್ಪಿಗೆಯಾಗದೆ ಕೋಡಿಂಗ್ ಶುರುವಾಗಲ್ಲ, ಅದು ಮುಗಿಯದೆ ಪರೀಕ್ಷೆ ಇಲ್ಲ. ಬರಹ ಮಾತ್ರ ಜೊತೆಜೊತೆಗೆ ಸಾಗುತ್ತದೆ. ಎರಡು ಒಪ್ಪಿಗೆಗಳಿಗೆ ಒಂದೊಂದು ವಾರ ಕೊಟ್ಟರೆ ಸುಮಾರು ಹತ್ತು ವಾರ.

ಆಟ ಕೆಡೋದು ಕಂತಿನಲ್ಲಿ. ‘ಲಾಂಚ್ ಆದ್ಮೇಲೆ ಅರ್ಧ ಹಣ’ ಅಂದರೆ ಒಪ್ಪಬೇಡಿ. ಕಂಪನಿ ಫೋಟೊ, ಉತ್ಪನ್ನದ ವಿವರ ಕೊಡದಿದ್ದರೆ ಲಾಂಚೇ ಆಗಲ್ಲ. ಕಂತು ನಾವು ಒಪ್ಪಿಸುವ ಕೆಲಸಕ್ಕೆ ಅಂಟಿರಲಿ: ಮುಂಗಡ ಶೇ 30, ವಿನ್ಯಾಸ ಒಪ್ಪಿಗೆಗೆ 30, ಪರೀಕ್ಷಾ ಆವೃತ್ತಿ ಒಪ್ಪಿಸಿದಾಗ 30, ಲಾಂಚ್‌ಗೆ 10. ಪರೀಕ್ಷಾ ಆವೃತ್ತಿ ಕೊಟ್ಟು 30 ದಿನವಾದರೂ ಲಾಂಚ್ ಆಗದಿದ್ದರೆ ಆ ಹತ್ತೂ ಬರಬೇಕು ಅಂತ ಒಪ್ಪಂದದಲ್ಲಿ ಬರೆಸಿ.

ಇದಕ್ಕೆ ಕಾನೂನಿನ ಬಲವೂ ಇದೆ. ಕೆಲಸಕ್ಕೆ ಮೊದಲೇ ತಂಡ ಉದ್ಯಮ್ ನೋಂದಣಿ ಮಾಡಿಸಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆ ಅನ್ವಯಿಸುತ್ತದೆ. ಒಪ್ಪಿಸಿದ 15 ದಿನದೊಳಗೆ ಲಿಖಿತ ಆಕ್ಷೇಪ ಬರದಿದ್ದರೆ ಕೆಲಸ ಸ್ವೀಕಾರವಾದಂತೆ. ಒಪ್ಪಂದದಲ್ಲಿ ಏನೇ ಇರಲಿ, ಅಲ್ಲಿಂದ 45 ದಿನ ಮೀರುವಂತಿಲ್ಲ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಹಾಗಾಗಿ ಪ್ರತಿ ಹಂತವನ್ನೂ ಫೋನಲ್ಲಿ ಹೇಳಿ ಬಿಡಬೇಡಿ, ತಾರೀಕು ಹಾಕಿ ಇಮೇಲ್‌ನಲ್ಲೇ ಒಪ್ಪಿಸಿ.