ಡೇರಿಗೆ ಕಾರ್ಯದರ್ಶಿ ಬೇಕು: ಹುದ್ದೆಯ ವಿವರ ಬರೆಯುವುದು ಹೇಗೆ?

‘ಪಿಯುಸಿ ಪಾಸಾದ, ಪ್ರಾಮಾಣಿಕನಾದ, ಅಧ್ಯಕ್ಷರು ಹೇಳಿದ ಎಲ್ಲ ಕೆಲಸ ಮಾಡುವ, ಹಾಲಿನ ಪ್ರಮಾಣ ಹೆಚ್ಚಿಸುವ ಕಾರ್ಯದರ್ಶಿ ಬೇಕಾಗಿದ್ದಾರೆ.’ ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘವೊಂದು ಹೀಗೆ ಬರೆಯಿತು ಎಂದುಕೊಳ್ಳಿ. ಓದಲು ತಕರಾರಿಲ್ಲ. ಆದರೆ ಅರ್ಹತೆ, ಕೆಲಸ, ಯಾರ ಕೈಕೆಳಗೆ ಎಂಬುದು, ಕೆಲಸವನ್ನು ಅಳೆಯುವ ಬಗೆ, ಈ ನಾಲ್ಕೂ ಒಂದೇ ವಾಕ್ಯದಲ್ಲಿ ಕಲಸಿಹೋಗಿವೆ. ವರ್ಷದ ಕೊನೆಗೆ ಕಾರ್ಯದರ್ಶಿಗೂ ಆಡಳಿತ ಮಂಡಳಿಗೂ ಜಗಳವಾದರೆ ಈ ಕಾಗದ ಯಾರ ಪರವಾಗಿಯೂ ಮಾತಾಡದು.

ಬಿಡಿಸುವುದನ್ನು ಕೆಲಸದಿಂದಲೇ ಶುರು ಮಾಡಬೇಕು. ಬೆಳಿಗ್ಗೆ, ಸಂಜೆ ಡೇರಿ ತೆರೆಯುವುದು, ಪ್ರತಿಯೊಬ್ಬರ ಹಾಲಿನ ತೂಕ, ಫ್ಯಾಟ್, ಎಸ್‌ಎನ್‌ಎಫ್ ದಾಖಲಾಗುವಂತೆ ನೋಡಿಕೊಳ್ಳುವುದು, ಗೊತ್ತಾದ ದಿನ ಬಟವಾಡೆ ಮಾಡುವುದು, ನಗದು ಪುಸ್ತಕವನ್ನು ಅಂದಂದೇ ಬರೆಯುವುದು, ಪಶು ಆಹಾರದ ದಾಸ್ತಾನು ಇಡುವುದು. ಪ್ರತಿ ಸಾಲಿನಲ್ಲೂ ಏನು ಮಾಡಬೇಕು, ಎಷ್ಟು ಸಲ ಮಾಡಬೇಕು ಎಂಬುದು ಇರಲಿ. ‘ಸಂಘದ ಏಳಿಗೆಗೆ ಶ್ರಮಿಸುವುದು’ ಎಂಬಂಥ ಸಾಲನ್ನು ಹೊಡೆದುಹಾಕಿ. ಅದು ಆಗಿದೆಯೋ ಇಲ್ಲವೋ ಎಂದು ನೋಡಿ ಹೇಳಲು ಬರುವುದಿಲ್ಲ. ಏಳೆಂಟು ಸಾಲು ಮುಖ್ಯ ಕೆಲಸ ಸಾಕು.

ಆಮೇಲೆ ಅರ್ಹತೆ. ಪಟ್ಟಿಯ ಪ್ರತಿ ಅರ್ಹತೆಗೂ ‘ಇದು ಯಾವ ಕೆಲಸಕ್ಕೆ ಬೇಕು?’ ಎಂದು ಕೇಳಿ. ನಗದು ಪುಸ್ತಕ ಬರೆಯಲು ಕನ್ನಡ ಓದುಬರಹ, ಲೆಕ್ಕ ಬೇಕು. ನಸುಕಿನಲ್ಲೇ ಡೇರಿ ತೆರೆಯಬೇಕಾದ್ದರಿಂದ ಊರಲ್ಲೋ ಹತ್ತಿರದಲ್ಲೋ ವಾಸವಿರಬೇಕು. ಇವು ಕಡ್ಡಾಯ. ಫ್ಯಾಟ್ ಪರೀಕ್ಷೆ ಸೇರಿದ ಮೇಲೂ ಕಲಿಯಬಹುದಾದದ್ದು. ಅದನ್ನು ‘ಇದ್ದರೆ ಒಳ್ಳೆಯದು’ ಎಂಬ ಬೇರೆ ಸಾಲಿನಲ್ಲಿ ಬರೆದರೆ, ಕಲಿಯಬಲ್ಲ ಒಳ್ಳೆಯ ಅಭ್ಯರ್ಥಿ ಬಾಗಿಲಲ್ಲೇ ಹಿಂದೆ ಹೋಗುವುದು ತಪ್ಪುತ್ತದೆ. ‘ಪ್ರಾಮಾಣಿಕ’ ಎಂಬುದನ್ನು ಸಂದರ್ಶನದಲ್ಲಿ ಪರೀಕ್ಷಿಸಲಾಗದು. ಅದರ ಬದಲು ‘ಕೈಯಲ್ಲಿರುವ ನಗದನ್ನು ವಾರಕ್ಕೊಮ್ಮೆ ಅಧ್ಯಕ್ಷರ ಎದುರು ಎಣಿಸಿ ಸಹಿ ಪಡೆಯುವುದು’ ಎಂದು ಕೆಲಸದ ಪಟ್ಟಿಗೆ ಸೇರಿಸಿ.

ಮೂರನೆಯದು, ಯಾರಿಗೆ ಯಾರು ಉತ್ತರ ಕೊಡಬೇಕು ಎಂಬುದು. ಕಾರ್ಯದರ್ಶಿಗೆ ಆದೇಶ ಬರುವುದು ಆಡಳಿತ ಮಂಡಳಿಯ ನಿರ್ಣಯದಿಂದ. ದಿನದ ವಿಷಯಕ್ಕೆ, ರಜೆಗೆ ಅಧ್ಯಕ್ಷರು. ಒಕ್ಕೂಟದ ವಿಸ್ತರಣಾಧಿಕಾರಿ ಪರೀಕ್ಷೆ, ಸ್ವಚ್ಛತೆಯ ವಿಷಯದಲ್ಲಿ ಮಾರ್ಗದರ್ಶನ ಕೊಡುತ್ತಾರೆ. ಹಾಲು ಪರೀಕ್ಷಕ, ಸಹಾಯಕ ಇಬ್ಬರೂ ಕಾರ್ಯದರ್ಶಿಯ ಕೈಕೆಳಗೆ. ಇಷ್ಟೂ ಬರೆದ ಮೇಲೆ ಇನ್ನೊಂದು ಸಾಲು ಬೇಕೇಬೇಕು: ಯಾವ ನಿರ್ದೇಶಕರೂ ಒಬ್ಬೊಬ್ಬರಾಗಿ ಆದೇಶ ಕೊಡುವಂತಿಲ್ಲ. ನಿರ್ದೇಶಕರೊಬ್ಬರು ‘ನಮ್ಮ ಭಾವನ ಹಾಲು, ವಾಪಸ್ ಕಳಿಸಬೇಡಪ್ಪ’ ಎಂದಾಗ ಕಾರ್ಯದರ್ಶಿಗೆ ತೋರಿಸಲು ಆ ಸಾಲು ಇರಬೇಕು.

ಎಲ್ಲಕ್ಕಿಂತ ಕಷ್ಟ ಅಳತೆಗೋಲು. ‘ಹಾಲಿನ ಪ್ರಮಾಣ ಹೆಚ್ಚಿಸುವುದು’ ಎಂದು ಬರೆದರೆ ಮಳೆ, ಮೇವು, ಕಾಲುಬಾಯಿ ರೋಗ ಎಲ್ಲದಕ್ಕೂ ಕಾರ್ಯದರ್ಶಿಯೇ ಹೊಣೆಯಾಗುತ್ತಾರೆ. ಅವರ ಕೈಯಲ್ಲಿರುವುದನ್ನಷ್ಟೇ ಅಳೆಯಬೇಕು: ಬಟವಾಡೆ ಎಷ್ಟು ಸಲ ತಡವಾಯಿತು, ಲೆಕ್ಕಪರಿಶೋಧನೆಯಲ್ಲಿ ಎಷ್ಟು ಆಕ್ಷೇಪಣೆ ಬಂತು, ಸಂಘದಲ್ಲಿ ಬರೆದ ಫ್ಯಾಟ್‌ಗೂ ಒಕ್ಕೂಟದಲ್ಲಿ ಸಿಕ್ಕ ಫ್ಯಾಟ್‌ಗೂ ವ್ಯತ್ಯಾಸ ಎಷ್ಟು.

ಕೊನೆಯದನ್ನು ಎಚ್ಚರದಿಂದ ಬರೆಯಿರಿ. ಒಬ್ಬರು 10 ಲೀಟರ್ ಹಾಲು ಹಾಕಿದರು, ಫ್ಯಾಟ್ 3.5. ಇನ್ನೊಬ್ಬರು 2 ಲೀಟರ್, ಫ್ಯಾಟ್ 5. ಎರಡು ಫ್ಯಾಟ್ ಕೂಡಿಸಿ ಅರ್ಧ ಮಾಡಿದರೆ 4.25 ಬರುತ್ತದೆ, ಆದರೆ ಬೆರೆತ ಹಾಲಿನಲ್ಲಿ ಇರುವುದು 3.75 ಮಾತ್ರ. ಪ್ರಮಾಣವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ತಪ್ಪೇ ಮಾಡದ ಕಾರ್ಯದರ್ಶಿಯ ಮೇಲೆ ಅರ್ಧ ಅಂಶದ ಆರೋಪ ಬೀಳುತ್ತದೆ. ಇನ್ನೊಂದು ಅಪಾಯವೂ ಇದೆ. ‘ಒಕ್ಕೂಟದಲ್ಲಿ ಫ್ಯಾಟ್ ಕಡಿಮೆ ಬರಬಾರದು’ ಎಂದಷ್ಟೇ ಬರೆದರೆ, ರೈತರಿಗೆ ಕಡಿಮೆ ಫ್ಯಾಟ್ ಬರೆದು ಪಾರಾಗುವುದು ಸುಲಭ. ಆಗ ಸಂಘಕ್ಕೆ ಲಾಭ, ಹಾಲು ಹಾಕಿದವರಿಗೆ ನಷ್ಟ. ಆದ್ದರಿಂದ ವ್ಯತ್ಯಾಸ ಮೇಲಕ್ಕಿರಲಿ ಕೆಳಕ್ಕಿರಲಿ, ಎರಡಕ್ಕೂ ಮಿತಿ ಹಾಕಿ, ಆ ಮಿತಿಯನ್ನು ವಿಸ್ತರಣಾಧಿಕಾರಿಯೊಂದಿಗೆ ಕೂತು ಮೊದಲೇ ನಿಗದಿ ಮಾಡಬೇಕು.

ಸಹಿ ಹಾಕುವ ಮುನ್ನ ಒಂದು ತಾಳೆ ನೋಡಿ. ಪ್ರತಿ ಅಳತೆಗೋಲಿನಿಂದ ಕೆಲಸದ ಪಟ್ಟಿಯ ಒಂದು ಸಾಲಿಗೆ ಗೆರೆ ಎಳೆಯಿರಿ, ಪ್ರತಿ ಕಡ್ಡಾಯ ಅರ್ಹತೆಯಿಂದಲೂ ಹಾಗೆಯೇ. ಗೆರೆ ಸೇರದೆ ಉಳಿದದ್ದು ಬೇಡದ್ದು, ಇಲ್ಲವೇ ಕೆಲಸದ ಪಟ್ಟಿಯಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಊರಿಗೆ ಹಾಲು ಶೀತಲೀಕರಣ ಘಟಕ ಬಂದ ದಿನ ಇದೇ ಕಾಗದವನ್ನು ಮತ್ತೆ ತೆರೆಯಬೇಕಾಗುತ್ತದೆ: ಕ್ಯಾನ್‌ಗಳನ್ನು ಲಾರಿಗೆ ಹತ್ತಿಸುವ ಸಾಲು ಹೋಗಿ ಹಾಲಿನ ಉಷ್ಣಾಂಶ ಬರೆದಿಡುವ ಸಾಲು ಬರುತ್ತದೆ, ಅದರೊಂದಿಗೆ ಅದನ್ನು ಯಾರು ನೋಡಬೇಕು, ಹೇಗೆ ಅಳೆಯಬೇಕು ಎಂಬುದೂ ಬದಲಾಗುತ್ತದೆ.