ಮೊದಲ ಸರಳೆಗೆ ಒಂದು ವಾರ

ವೀಣೆ ಕಲಿಯಲು ಬರುವ ದೊಡ್ಡವರಿಗೆ ಮೊದಲ ದಿನವೇ ನಾನೊಂದು ಪ್ರಶ್ನೆ ಕೇಳುತ್ತೇನೆ: ದಿನಕ್ಕೆ ಇಪ್ಪತ್ತು ನಿಮಿಷ ಸಿಗುತ್ತದೆಯೆ? ಹೆಚ್ಚಿನವರು ಅರ್ಧ ಗಂಟೆ, ಮುಕ್ಕಾಲು ಗಂಟೆ ಎಂದು ದೊಡ್ಡ ಮನಸ್ಸಿನಿಂದ ಹೇಳುತ್ತಾರೆ. ಎರಡು ವರ್ಷದ ಹಿಂದೆ ಬಂದ ಒಬ್ಬರು ಮಾತ್ರ ನೇರವಾಗಿ ಹೇಳಿದರು: "ಟೀಚರ್, ವಾರದ ದಿನ ಬ್ಯಾಂಕಿನಿಂದ ಬರೋದೇ ಏಳು ಗಂಟೆ. ಭಾನುವಾರ ಎರಡೂವರೆ ಗಂಟೆ ಕೂತು ನುಡಿಸಿಬಿಡ್ತೀನಿ." ಹಾಗೇ ಮಾಡಿದರು ಕೂಡ. ಮೂರು ಭಾನುವಾರ ಕಳೆದರೂ ಸರಳೆ ವರಸೆಯ ಮೊದಲ ಸಾಲು ಕೂಡಲಿಲ್ಲ. ಮೊದಲ ಮುಕ್ಕಾಲು ಗಂಟೆ ಹಿಂದಿನ ವಾರ ಮರೆತದ್ದನ್ನು ನೆನಪಿಸಿಕೊಳ್ಳಲು ಹೋಗುತ್ತಿತ್ತು. ಆಮೇಲೆ ಎಡಗೈ ಬೆರಳ ತುದಿಯಲ್ಲಿ ತಂತಿಯ ಗೆರೆ ಮೂಡಿ ಉರಿ ಶುರುವಾಗುತ್ತಿತ್ತು. ಉರಿಯುವ ಬೆರಳು ತಂತಿಯನ್ನು ಸರಿಯಾಗಿ ಒತ್ತುವುದಿಲ್ಲ. ಕೊನೆಯ ಒಂದು ಗಂಟೆ ಅವರು ನುಡಿಸುತ್ತಿದ್ದದ್ದು ಬರೀ ಝಿರ್ ಎನ್ನುವ ಸದ್ದನ್ನು. ಆ ಸದ್ದೇ ಕೈಗೆ ಅಭ್ಯಾಸವಾಗುತ್ತಿತ್ತು.

ನಾಲ್ಕನೇ ವಾರ ಅವರಿಗೆ ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ ಇಪ್ಪತ್ತೇ ನಿಮಿಷ ಹಾಕಿಕೊಟ್ಟೆ. ಒಟ್ಟು ಎರಡು ಗಂಟೆ, ಅಂದರೆ ಮೊದಲಿಗಿಂತ ಅರ್ಧ ಗಂಟೆ ಕಡಿಮೆ. ಭಾನುವಾರಕ್ಕೆ ಒಂದು ಗುರಿ: ಮೊದಲ ಸರಳೆಯನ್ನು ಮೊದಲ ಕಾಲದಲ್ಲಿ, ಮೆಟ್ರೊನೋಮ್ ನಿಮಿಷಕ್ಕೆ 40ಕ್ಕೆ ಇಟ್ಟು, ನಿಲ್ಲದೆ ಮೂರು ಸಲ ನುಡಿಸುವುದು. ಗುರಿ ಇಷ್ಟು ಚಿಕ್ಕದೆ ಎಂದು ಅವರು ಮುಖ ನೋಡಿದರು. ಹತ್ತಿರದಿಂದ ನೋಡಿದರೆ ಅದು ಚಿಕ್ಕದಲ್ಲ.

ಸರಳೆ ವರಸೆಯನ್ನು ಮಾಯಾಮಾಳವಗೌಳದಲ್ಲಿ ಕಲಿಸುವ ಕ್ರಮ ಪುರಂದರದಾಸರಿಂದ ಬಂದದ್ದು ಎಂದು ನಮ್ಮ ಸಂಪ್ರದಾಯ ನಂಬುತ್ತದೆ. ಈ ರಾಗದ ಅಂದ ಇರುವುದು ಅದರ ಸಮತೋಲದಲ್ಲಿ. ಸ ರಿ ಗ ಮ ಒಂದು ಅರ್ಧ, ಪ ದ ನಿ ಸ ಇನ್ನೊಂದು ಅರ್ಧ. ಸ್ವರಗಳ ನಡುವಿನ ಅಂತರ ಎರಡರಲ್ಲೂ ಒಂದೇ. ಹಾಡುವವರಿಗೆ ಕೆಳಗಿನ ಅರ್ಧ ಬಂದರೆ ಮೇಲಿನದು ಸುಲಭವಾಗುತ್ತದೆ. ವೀಣೆಯಲ್ಲಿ ಕಿವಿಗೆ ಆ ಸಮತೋಲ ಇದೆ, ಕೈಗೆ ಇಲ್ಲ. ಮೊದಲ ವಾರದ ತೊಡಕೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ವೀಣೆಯ ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ 24 ಮೆಟ್ಟಿಲುಗಳಿವೆ. ಹೊಸಬರಿಗೆ ಬೇಕಾದ್ದು ಮೊದಲ ಹನ್ನೆರಡು ಮಾತ್ರ, ಅದೂ ಸಾರಣಿ ಎನ್ನುವ ಒಂದೇ ತಂತಿಯ ಮೇಲೆ. ತಂತಿಯನ್ನು ಒತ್ತದೆ ಮೀಟಿದರೆ ಸ. ಒಂದನೇ ಮೆಟ್ಟಿಲು ರಿ, ನಾಲ್ಕು ಗ, ಐದು ಮ, ಏಳು ಪ, ಎಂಟು ದ, ಹನ್ನೊಂದು ನಿ, ಹನ್ನೆರಡು ತಾರಸ್ಥಾಯಿ ಸ. ಇದನ್ನು ಎಂಟು ಸ್ವರ ಎಂದು ನೋಡಬೇಡಿ, ನಾಲ್ಕು ಜೋಡಿ ಎಂದು ನೋಡಿ. ತೆರೆದ ತಂತಿ ಮತ್ತು ಒಂದು; ನಾಲ್ಕು ಮತ್ತು ಐದು; ಏಳು ಮತ್ತು ಎಂಟು; ಹನ್ನೊಂದು ಮತ್ತು ಹನ್ನೆರಡು. ಜೋಡಿಯೊಳಗೆ ಸ್ವರಗಳು ಅಕ್ಕಪಕ್ಕ ಇರುವುದರಿಂದ ತೋರುಬೆರಳು, ನಡುಬೆರಳುಗಳಿಗೆ ಕಷ್ಟವೇ ಇಲ್ಲ. ಕಷ್ಟ ಇರುವುದು ಜೋಡಿಯಿಂದ ಜೋಡಿಗೆ ಹಾರುವ ಮೂರು ಜಾಗಗಳಲ್ಲಿ: ರಿಯಿಂದ ಗಕ್ಕೆ, ಮದಿಂದ ಪಕ್ಕೆ, ದದಿಂದ ನಿಗೆ.

ಮೆಟ್ಟಿಲುಗಳು ಬಿರಡೆಗಳ ಕಡೆ ದೂರ ದೂರ ಇರುತ್ತವೆ, ಕುದುರೆಯ ಕಡೆ ಬಂದಂತೆ ಹತ್ತಿರವಾಗುತ್ತವೆ. ಹಾಗಾಗಿ ರಿ–ಗ ಹಾರುವಿಕೆಯೂ ದ–ನಿ ಹಾರುವಿಕೆಯೂ ಎಣಿಕೆಯಲ್ಲಿ ಮೂರೇ ಮೆಟ್ಟಿಲಾದರೂ, ಕೈ ಸಾಗಬೇಕಾದ ದೂರ ಮೊದಲನೆಯದರಲ್ಲಿ ಸುಮಾರು ಒಂದೂವರೆ ಪಟ್ಟು. ಮ–ಪ ಇವೆರಡಕ್ಕಿಂತಲೂ ಚಿಕ್ಕದು. ಕೈ ಮೂರು ಬೇರೆ ಬೇರೆ ಅಳತೆಗಳನ್ನು ಕಲಿಯಬೇಕು. ನಮ್ಮ ಬ್ಯಾಂಕಿನವರು ಸಾಲನ್ನು ಮೊದಲಿಂದ ಕೊನೆವರೆಗೆ ನೂರು ಸಲ ನುಡಿಸಿದ್ದರು. ಪ್ರತಿ ಸಲವೂ ಗಾಂಧಾರದ ಹತ್ತಿರ ಕೈ ಮುಂಚೆಯೇ ಇಳಿಯುತ್ತಿತ್ತು, ನಿಷಾದದ ಹತ್ತಿರ ದಾಟಿ ಹೋಗುತ್ತಿತ್ತು. ಕೈ ತನಗೇ ತಿಳಿಯದಂತೆ ಎರಡೂ ದೂರಗಳ ಸರಾಸರಿ ಹಿಡಿದಿತ್ತು. ಹೀಗೆ ಇಡೀ ಸಾಲನ್ನೇ ತಿರುಗಾ ಮುರುಗಾ ನುಡಿಸುವುದು ಹೊಸಬರ ದೊಡ್ಡ ತಪ್ಪು ಎಂದು ನನ್ನ ಅನುಭವ.

ಆದ್ದರಿಂದ ವಾರವನ್ನು ಹಾರುವಿಕೆಗಳ ಲೆಕ್ಕದಲ್ಲಿ ಹಂಚಿದೆ. ಸೋಮವಾರ ಹಾರುವಿಕೆಯೇ ಇಲ್ಲ, ನಾಲ್ಕು ಜೋಡಿಗಳನ್ನು ಒಂದೊಂದಾಗಿ ಒತ್ತಿ ಶುದ್ಧ ನಾದ ತೆಗೆಯುವುದಷ್ಟೆ. ಮಂಗಳವಾರ ರಿ–ಗ ಮಾತ್ರ. ಬುಧವಾರ ದ–ನಿ ಮಾತ್ರ. ಆ ದಿನ ಕೆಳಗಿನ ಅರ್ಧವನ್ನು ಮುಟ್ಟಲೇಬಾರದು, ಹಿಂದಿನ ದಿನದ ಉದ್ದ ಅಳತೆ ಬೆರೆತುಹೋಗುತ್ತದೆ. ಗುರುವಾರ ಮ–ಪ ಸೇರಿಸಿ ಪೂರ್ತಿ ಆರೋಹಣ. ಶುಕ್ರವಾರ ಅವರೋಹಣ. ಶನಿವಾರ ಎರಡೂ ಸೇರಿಸಿ ಆದಿತಾಳದಲ್ಲಿ.

ಮಂಗಳವಾರದ ಇಪ್ಪತ್ತು ನಿಮಿಷವನ್ನೇ ತೆಗೆದುಕೊಳ್ಳಿ. ಮೊದಲ ನಾಲ್ಕು ನಿಮಿಷ ಶ್ರುತಿಗೆ. ಮುಂದಿನ ನಾಲ್ಕು ನಿಮಿಷ ಎಡಗೈ ಮಡಿಲಲ್ಲಿ. ಬಲಗೈಯ ತೋರುಬೆರಳು, ನಡುಬೆರಳು ಒಂದಾದ ಮೇಲೊಂದರಂತೆ ತೆರೆದ ತಂತಿಯನ್ನು ಮೀಟುತ್ತವೆ, ಕಿರುಬೆರಳು ತಾಳದ ತಂತಿಗಳನ್ನು ಮೇಲ್ಮುಖವಾಗಿ ಮೀಟುತ್ತದೆ. ಆಮೇಲೆ ಎಂಟು ನಿಮಿಷ ರಿ–ಗ. ರಿ ಮೀಟಿ, ಆ ನಾದ ಇನ್ನೂ ಇರುವಾಗಲೇ ಕಣ್ಣನ್ನು ನಾಲ್ಕನೇ ಮೆಟ್ಟಿಲಿಗೆ ಕಳಿಸಬೇಕು. ಕಣ್ಣು ಹೋದ ಮೇಲೆ ಕೈ. ಕಣ್ಣೂ ಕೈಯೂ ಒಟ್ಟಿಗೆ ಹೊರಟರೆ ಗುರಿ ತಪ್ಪುತ್ತದೆ. ಹತ್ತು ಸಲ ನೋಡಿಕೊಂಡು, ಐದು ಸಲ ನೋಡದೆ. ನಡುವೆ ಅರ್ಧ ನಿಮಿಷ ಕೈ ಸಡಿಲ ಬಿಡಿ, ತೆಂಗಿನೆಣ್ಣೆಯಲ್ಲಿ ನೆನೆದ ಹತ್ತಿಗೆ ಬೆರಳ ತುದಿ ಒತ್ತಿಕೊಳ್ಳಿ. ಕೊನೆಯ ನಾಲ್ಕು ನಿಮಿಷ ಸ ರಿ ಗ ಮ, ಮ ಗ ರಿ ಸ, ನಿಧಾನವಾಗಿ.

ಸರಿಯಾಗಿದೆಯೋ ಇಲ್ಲವೋ ಎಂದು ಮನೆಯಲ್ಲಿ ಒಬ್ಬರೇ ಇರುವಾಗ ಹೇಗೆ ತಿಳಿಯುವುದು? ಇದು ನನಗೆ ಪ್ರತಿ ವಾರ ಬರುವ ಪ್ರಶ್ನೆ. ವೀಣೆ ಬಹಳ ಪ್ರಾಮಾಣಿಕವಾದ ವಾದ್ಯ, ಅದೇ ಹೇಳುತ್ತದೆ. ಬೆರಳು ಇರಬೇಕಾದ್ದು ಮೆಟ್ಟಿಲಿನ ಎಡಕ್ಕೆ, ಅದಕ್ಕೆ ತಾಗುವಷ್ಟು ಹತ್ತಿರ. ಹಿಂದೆ ಉಳಿದರೆ ಅಥವಾ ಒತ್ತು ಸಾಲದಿದ್ದರೆ ತಂತಿ ಝಿರ್ ಎನ್ನುತ್ತದೆ. ಬೆರಳಿನ ಮಾಂಸ ಮೆಟ್ಟಿಲಿನ ಮೇಲೆಯೇ ಕೂತರೆ ನಾದ ಬಟ್ಟೆ ಹೊದಿಸಿದಂತೆ ಮಂಕಾಗುತ್ತದೆ. ಮೂರನೆಯ ತಪ್ಪು ಹಿಡಿಯುವುದು ಕಷ್ಟ: ವೀಣೆಯ ಮೆಟ್ಟಿಲು ಎತ್ತರ, ತಂತಿಯ ಕೆಳಗೆ ಜಾಗ ಇರುತ್ತದೆ, ಹಾಗಾಗಿ ಜೋರಾಗಿ ಒತ್ತಿದರೆ ತಂತಿ ಬಿಗಿಯಾಗಿ ಸ್ವರ ಏರುತ್ತದೆ. ಗಮಕ ನುಡಿಸುವಾಗ ತಂತಿಯನ್ನು ಎಳೆದು ಸ್ವರ ಏರಿಸುವುದೂ ಇದೇ ಗುಣದಿಂದ. ಮೊದಲ ವಾರದಲ್ಲಿ ಮಾತ್ರ ಅದು ಶತ್ರು. ಪರೀಕ್ಷೆ ಸುಲಭ. ತಾಳದ ತಂತಿಗಳು ಮೂರು: ಸ, ಪ, ತಾರಸ್ಥಾಯಿ ಸ. ಸಾರಣಿಯಲ್ಲಿ ಏಳನೇ ಮೆಟ್ಟಿಲು ಒತ್ತಿ ಪ ಮೀಟಿ, ಕೂಡಲೇ ತಾಳದ ಪ ತಂತಿ ಮೀಟಿ. ಎರಡೂ ಒಂದರೊಳಗೊಂದು ಕರಗಬೇಕು. ಅಲೆಯಲೆಯಾಗಿ ನಡುಗಿದರೆ ಒತ್ತು ಹೆಚ್ಚಾಗಿದೆ ಅಥವಾ ಶ್ರುತಿ ಇಳಿದಿದೆ. ಹನ್ನೆರಡನೇ ಮೆಟ್ಟಿಲನ್ನು ತಾರ ಷಡ್ಜದ ತಂತಿಯೊಡನೆ ಹೀಗೇ ನೋಡಿ. ತೆರೆದ ಸಾರಣಿಯೂ ತಾಳದ ಸ ತಂತಿಯೂ ಚೆನ್ನಾಗಿ ಕೂಡಿ, ಹಗುರವಾಗಿ ಒತ್ತಿದ ಮೇಲೂ ಏಳನೆಯದು ಕೂಡದಿದ್ದರೆ ಮೇಣ ಸರಿದಿರಬಹುದು, ಬೇಸಿಗೆಯಲ್ಲಿ ಹೀಗಾಗುತ್ತದೆ. ಅದನ್ನು ನೀವೇ ಸರಿಮಾಡಲು ಹೋಗಬೇಡಿ, ಮೇಳ ಕಟ್ಟಬಲ್ಲವರಿಗೆ ತೋರಿಸಿ.

ಶುಕ್ರವಾರದ ಅವರೋಹಣಕ್ಕೆ ಒಂದು ಮಾತು ಬೇಕು. ಇಳಿಯುವಾಗ ನಡುಬೆರಳು ಮೇಲಿನ ಸ ಒತ್ತಿರುವಾಗಲೇ ತೋರುಬೆರಳು ಹನ್ನೊಂದರ ಮೇಲೆ ಸಿದ್ಧವಾಗಿ ಕೂತಿರಬೇಕು. ನಡುಬೆರಳು ಎದ್ದ ಮೇಲೆ ತೋರುಬೆರಳು ಜಾಗ ಹುಡುಕಿಕೊಂಡು ಬಂದರೆ ನಡುವೆ ತೆರೆದ ತಂತಿ ಒಂದು ಕ್ಷಣ ಕೂಗುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಆ ಕೂಗು ಸ್ಪಷ್ಟವಾಗಿ ಸಿಗುತ್ತದೆ. ನುಡಿಸುವಾಗ ಕಿವಿಗೆ ಬೀಳುವುದಿಲ್ಲ. (ಎರಡು ಬೆರಳುಗಳನ್ನು ಬಿಡಿಸಿ ಇಡುವುದೋ ಜೋಡಿಸಿ ಇಡುವುದೋ ಎನ್ನುವುದರಲ್ಲಿ ಬಾನಿಗಳ ನಡುವೆ ಭೇದ ಇದೆ. ನಾನು ಬಿಡಿಸಿ ಇಡುವುದನ್ನು ಕಲಿಸುತ್ತೇನೆ. ನಿಮ್ಮ ಗುರುಗಳು ಬೇರೆ ಹೇಳಿದರೆ ಅದನ್ನೇ ಹಿಡಿಯಿರಿ.)

ಶನಿವಾರ ತಾಳ ಸೇರುತ್ತದೆ. ಆದಿತಾಳದ ಎಂಟು ಅಕ್ಷರಗಳಲ್ಲಿ ಒಂದು, ಐದು, ಏಳನೆಯದರ ಮೇಲೆ ಕಿರುಬೆರಳು ತಾಳದ ತಂತಿ ಮೀಟುತ್ತದೆ. ಆರೋಹಣ ಒಂದು ಆವರ್ತ, ಅವರೋಹಣ ಇನ್ನೊಂದು. ನಿಮಿಷಕ್ಕೆ 40ರ ನಡೆಯಲ್ಲಿ ಒಂದು ಸುತ್ತಿಗೆ 24 ಸೆಕೆಂಡು, ಮೂರು ಸುತ್ತಿಗೆ ಒಂದು ನಿಮಿಷ ಹನ್ನೆರಡು ಸೆಕೆಂಡು. ವಾರದ ಎರಡು ಗಂಟೆಯ ಕೆಲಸದ ಫಲ ಇಷ್ಟೇ ಉದ್ದ.

ಆ ವಾರ ಅವರಿಗೆ ಗುರುವಾರ ಕೂರಲಾಗಲಿಲ್ಲ. ಮರುದಿನ ನಲವತ್ತು ನಿಮಿಷ ನುಡಿಸಲೇ ಎಂದು ಫೋನ್ ಮಾಡಿದರು. ಬೇಡ ಎಂದೆ. ಬೆರಳ ತುದಿ ಗಟ್ಟಿಯಾಗುವುದು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ, ದುಪ್ಪಟ್ಟು ಒತ್ತಿದರೆ ಚರ್ಮ ಸುಲಿದು ಎರಡು ದಿನ ಹೋಗುತ್ತದೆ. ಶುಕ್ರವಾರ ಆರೋಹಣ, ಶನಿವಾರ ಅವರೋಹಣ ಮಾಡಿ ಎಂದೆ. ತಾಳದ ತಂತಿಯನ್ನು ಆ ವಾರದ ಗುರಿಯಿಂದ ತೆಗೆದುಹಾಕಿದೆ. ದಿನ ಕಡಿಮೆಯಾದರೆ ಗುರಿಯಲ್ಲಿ ಒಂದು ಅಂಶ ಬಿಡಬೇಕು, ಅವಧಿ ಹಿಗ್ಗಿಸಬಾರದು.

ಭಾನುವಾರ ಬೆಳಿಗ್ಗೆ ಬಂದು ನುಡಿಸಿದರು. ಮೊದಲ ಸುತ್ತು ಚೆನ್ನಾಗಿತ್ತು. ಎರಡನೆಯದರಲ್ಲಿ ನಿಷಾದ ದಾಟಿತು, ಆದರೆ ನಿಲ್ಲಲಿಲ್ಲ. ಮೂರನೆಯದು ಶುದ್ಧವಾಗಿ ಬಂತು. ನಿಲ್ಲದೆ ಮೂರು ಸುತ್ತು ಎನ್ನುವ ಗುರಿ ಮುಟ್ಟಿದ್ದರು. ನಿಷಾದ ಮಾತ್ರ ಇನ್ನೂ ಕೈಗೆ ಕೂತಿರಲಿಲ್ಲ. ಅವರ ಪುಸ್ತಕದಲ್ಲಿ ಮುಂದಿನ ವಾರಕ್ಕೆ ಬರೆದದ್ದು: "ಸೋಮ, ಮಂಗಳ: ದ–ನಿ, ನೋಡದೆ. ಬುಧವಾರದಿಂದ ಎರಡನೇ ಸರಳೆ." ಎರಡನೇ ಸರಳೆ ಸರಿ ಸರಿ ಸರಿ ಗಮ ಎಂದು ಶುರುವಾಗುತ್ತದೆ. ಅಲ್ಲಿ ಮೊದಲು ಎದುರಾಗುವ ತೊಡಕು ಹಾರುವಿಕೆಯಲ್ಲ: ಒಂದನೇ ಮೆಟ್ಟಿಲಿನಿಂದ ಬೆರಳು ಎತ್ತುವಾಗ ತಂತಿ ತಾನಾಗಿ ಮಿಡಿಯದಂತೆ ನೇರವಾಗಿ ಮೇಲಕ್ಕೆ ಎತ್ತುವುದು. ಅದಕ್ಕೆ ಬುಧವಾರದ ಎಂಟು ನಿಮಿಷ ಪೂರ್ತಿ ಎತ್ತಿಟ್ಟೆವು.