ಕೊಬ್ಬರಿಯ ಲೆಕ್ಕ ಹಾಕಿ ಎಣ್ಣೆ ಕೊಳ್ಳಿ

ಗಾಣದ ಮುಂದೆ ನಿಂತಾಗ ನಾನು ಮೊದಲು ಕೇಳುವುದು ಎಣ್ಣೆಯ ರೇಟನ್ನಲ್ಲ, ಕೊಬ್ಬರಿಯದ್ದನ್ನು. ತಿಪಟೂರಿನ ಉಂಡೆ ಕೊಬ್ಬರಿಯ ರೇಟಲ್ಲ, ಅದು ತಿನ್ನುವುದಕ್ಕೆ. ಎಣ್ಣೆಗೆ ಹಾಕುವ ಕೊಬ್ಬರಿಯದ್ದು. ಚೆನ್ನಾಗಿ ಒಣಗಿದ ಕೊಬ್ಬರಿ ನೂರು ಕಿಲೋ ಅರೆದರೆ ಅರವತ್ತು ಕಿಲೋದಷ್ಟು ಎಣ್ಣೆ ಇಳಿಯುತ್ತದೆ. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 920 ಗ್ರಾಂ. ಅಂದರೆ ಲೀಟರಿಗೆ ಒಂದೂವರೆ ಕಿಲೋ ಕೊಬ್ಬರಿ ಬೇಕು. ಕೊಬ್ಬರಿ ಕಿಲೋಗೆ 200 ರೂಪಾಯಿ ಇದೆ ಎಂದುಕೊಳ್ಳಿ: ಕೊಬ್ಬರಿಗೇ 300 ಆಯಿತು. ಉಳಿದ ಅರ್ಧ ಕಿಲೋ ಹಿಂಡಿ ಮಾರಿದರೆ ಸ್ವಲ್ಪ ಹಣ ವಾಪಸು ಬರುತ್ತದೆ, ಅದು ಕರೆಂಟು, ಕೂಲಿಗೆ ಹೋಗುತ್ತದೆ. ಅದೇ ದಿನ ಯಾರಾದರೂ ‘ಶುದ್ಧ ಗಾಣದೆಣ್ಣೆ’ಯನ್ನು 220ಕ್ಕೆ ಕೊಟ್ಟರೆ ಅದರಲ್ಲಿ ಬೇರೇನೋ ಸೇರಿದೆ ಎಂದೇ ನಾನು ತಿಳಿಯುತ್ತೇನೆ.

‘ಕೋಲ್ಡ್ ಪ್ರೆಸ್ಡ್’ ಎಂಬ ಚೀಟಿಯನ್ನೂ ಹೀಗೆಯೇ ಕೆದಕಬೇಕು. ಗಾಣ ನಿಧಾನವಾಗಿ ಸುತ್ತುತ್ತದೆ, ಇಳಿದ ಎಣ್ಣೆಗೆ ಬೆರಳಿಟ್ಟರೆ ಉಗುರುಬೆಚ್ಚಗಷ್ಟೇ ಇರುತ್ತದೆ. ಎಕ್ಸ್‌ಪೆಲ್ಲರ್‌ನಲ್ಲಿ ತಿಕ್ಕಾಟದಿಂದಲೇ ಎಣ್ಣೆ ಕಾಯುತ್ತದೆ. ಹಸಿ ತೆಂಗಿನಕಾಯಿಯ ಹಾಲಿನಿಂದ ತೆಗೆಯುವ ವರ್ಜಿನ್ ಎಣ್ಣೆ ಇನ್ನೊಂದು ಬಗೆ. ನೀರಿನಂತೆ ತಿಳಿಯಾಗಿರುತ್ತದೆ, ಹಸಿ ಕಾಯಿಯ ಘಮ ಬರುತ್ತದೆ. ಕೊಬ್ಬರಿ ಎಣ್ಣೆಗೆ ತುಸು ಹಳದಿ ಛಾಯೆ, ಗಟ್ಟಿ ಪರಿಮಳ.

ಆದರೆ ಗಾಣ ಎಂದ ಮಾತ್ರಕ್ಕೆ ಒಳ್ಳೆಯದಾಗಿಬಿಡುವುದಿಲ್ಲ. ಸರಿಯಾಗಿ ಒಣಗದ ಕೊಬ್ಬರಿಗೆ ಬೂಷ್ಟು ಹಿಡಿದರೆ ಅದರ ಅಫ್ಲಾಟಾಕ್ಸಿನ್ ಎಂಬ ವಿಷ ಎಣ್ಣೆಗೂ ಬರುತ್ತದೆ. ರಿಫೈನ್ ಮಾಡುವಾಗ ಅದು ಬಹುಪಾಲು ಹೋಗುತ್ತದೆ, ಗಾಣದಲ್ಲಿ ಹೋಗುವುದಿಲ್ಲ. ಹಾಗಾಗಿ ಅರೆಯುವ ಮುನ್ನ ಚೀಲದ ಕೊಬ್ಬರಿ ನೋಡಲು ಬಿಡದ ಗಾಣಕ್ಕೆ ನಾನು ಹೋಗುವುದಿಲ್ಲ. ಒಂದು ಹೋಳು ಮುರಿದು ನೋಡಿ: ಒಳಗೆ ಬೆಳ್ಳಗಿದ್ದು ‘ಟಕ್’ ಎಂದು ಮುರಿಯಬೇಕು. ಬಾಗಿದರೆ ತೇವ ಉಳಿದಿದೆ.

ಒಗ್ಗರಣೆ, ಪಲ್ಯಕ್ಕೆ ಗಾಣದ ಎಣ್ಣೆ ಚೆನ್ನ. ಬೋಂಡ ಕರಿಯಲು ಕಾಯಿಸಿದರೆ ಬೇಗ ಹೊಗೆಯಾಡುತ್ತದೆ, ಅದಕ್ಕೆ ರಿಫೈನ್ಡ್ ಕೊಬ್ಬರಿ ಎಣ್ಣೆಯೇ ಮೇಲು.

ಕಲಬೆರಕೆ ಪತ್ತೆಗೆ ಮನೆಯಲ್ಲಿರುವ ಉಪಾಯ ಫ್ರಿಜ್. ಗಾಜಿನ ಲೋಟದಲ್ಲಿ ಎಣ್ಣೆ ಹಾಕಿ ಕೆಳಗಿನ ತಟ್ಟಿನಲ್ಲಿ ಒಂದೂವರೆ ಗಂಟೆ ಇಡಿ. ಕೊಬ್ಬರಿ ಎಣ್ಣೆ ಪೂರ್ತಿ ಹೆಪ್ಪುಗಟ್ಟುತ್ತದೆ, ಬೇರೆ ಎಣ್ಣೆ ಸೇರಿದ್ದರೆ ತೆಳ್ಳಗೆ ಪದರವಾಗಿ ಉಳಿಯುತ್ತದೆ. ಆದರೆ ತಾಳೆಯ ಬೀಜದ ಎಣ್ಣೆ ಬೆರೆಸಿದ್ದರೆ ಈ ಪರೀಕ್ಷೆ ಸೋಲುತ್ತದೆ, ಏಕೆಂದರೆ ಅದೂ ಹಾಗೆಯೇ ಗಟ್ಟಿಯಾಗುತ್ತದೆ. ಅದನ್ನು ಹಿಡಿಯುವುದು ಪ್ರಯೋಗಾಲಯವೇ: ಶುದ್ಧ ಕೊಬ್ಬರಿ ಎಣ್ಣೆಯ ಅಯೋಡಿನ್ ಮೌಲ್ಯ 7.5ರಿಂದ 10, ತಾಳೆ ಬೀಜದ್ದು ಅದಕ್ಕಿಂತ ಸಾಕಷ್ಟು ಹೆಚ್ಚು.

ಕೂದಲಿಗೆ ಗಾಣವೇ ಬೇಕೆಂದಿಲ್ಲ. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲ ಕೂದಲೆಳೆಯ ಒಳಗೆ ಇಳಿಯುತ್ತದೆ, ರಿಫೈನ್ ಆದರೂ ಆ ಗುಣ ಹೋಗುವುದಿಲ್ಲ. ಖನಿಜ ಎಣ್ಣೆ ಮೇಲೆಯೇ ನಿಂತು ಮಿರುಗುತ್ತದೆ ಅಷ್ಟೆ. ‘ಕೊಬ್ಬರಿ ಹೇರ್ ಆಯಿಲ್’ ಬಾಟಲಿಯ ಹಿಂದೆ ಲಿಕ್ವಿಡ್ ಪ್ಯಾರಾಫಿನ್ ಅಥವಾ ಮಿನರಲ್ ಆಯಿಲ್ ಎಂದಿದ್ದರೆ ಅದನ್ನು ಇಟ್ಟು, ಖಾದ್ಯ ತೈಲದ 14 ಅಂಕಿಯ ಎಫ್ಎಸ್ಎಸ್ಎಐ ಸಂಖ್ಯೆ ಇರುವ ಬಾಟಲಿ ತನ್ನಿ. ಅಡುಗೆಮನೆಯದ್ದೇ ತಲೆಗೂ ಸಾಕು.